ಇಂಟರ್‌ವ್ಯೂ ಮುಗಿದ ಮರುದಿನದ ಮೇಲ್

ಪ್ರಶ್ನೆ: ನಿನ್ನೆ, 8ನೇ ತಾರೀಖು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸಕ್ಕೆ ಇಂಟರ್‌ವ್ಯೂ ಆಯ್ತು. ಫೈನಾನ್ಸ್ ಮ್ಯಾನೇಜರ್ ಮೇಡಂ ಜಿಎಸ್‌ಟಿ 2ಬಿ ಬಗ್ಗೆ ಜಾಸ್ತಿ ಕೇಳಿದರು. ಕೊನೆಗೆ ಎಚ್‌ಆರ್ "ತಿಳಿಸ್ತೀವಿ" ಅಂದರು, ಯಾವಾಗ ಅಂತ ಹೇಳಲಿಲ್ಲ. ಥ್ಯಾಂಕ್ಸ್ ಹೇಳಿ ಮೇಲ್ ಕಳಿಸಬಹುದಾ? ಅದರಲ್ಲೇ ಮುಂದೇನು ಅಂತ ಕೇಳಿದರೆ ತಪ್ಪಾಗುತ್ತಾ?

ಉತ್ತರ: ತಪ್ಪೇನಿಲ್ಲ. ಇವತ್ತೇ ಕಳಿಸಿ. ಎಚ್‌ಆರ್ ನಿಮಗೆ ತಾರೀಖು ಕೊಟ್ಟಿಲ್ಲ, ಹಾಗಾಗಿ ಅದನ್ನು ಕೇಳುವುದು ಸಹಜ. "ಸೋಮವಾರ ಹೇಳ್ತೀವಿ" ಅಂದಿದ್ದರೆ ಮಾತ್ರ ಈಗ ಕೇಳಬಾರದಿತ್ತು.

ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಜನ ತೆಗೆದುಕೊಳ್ಳುವಾಗ ಪ್ಯಾನೆಲ್‌ನಲ್ಲಿ ನಾನೂ ಕೂರುತ್ತೇನೆ. ಇಂಥ ಮೇಲ್‌ಗಳು ಬರುತ್ತಲೇ ಇರುತ್ತವೆ. ಹೆಚ್ಚಿನವು ಎಷ್ಟು ಒಂದೇ ಥರ ಇರುತ್ತವೆ ಅಂದರೆ, ಬರೆದವರು ಯಾರು ಅಂತ ನೆನಪಾಗುವುದೇ ಇಲ್ಲ. "ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ, ನಿಮ್ಮ ಸಂಸ್ಥೆಯಲ್ಲಿ ಕೆಲಸ ಮಾಡಲು ಉತ್ಸುಕನಾಗಿದ್ದೇನೆ" ಅಂತ ಯಾರು ಯಾರಿಗೆ ಬೇಕಾದರೂ ಬರೆಯಬಹುದು, ಅಲ್ವಾ? ಅದಕ್ಕೇ ಆ ಕೋಣೆಯಲ್ಲಿ ನಡೆದ ಒಂದು ಮಾತನ್ನು ಮೇಲ್‌ನಲ್ಲಿ ಹಿಡಿದಿಡಬೇಕು. ನಿಮ್ಮ ಹತ್ತಿರ ಅದು ಇದೆ, 2ಬಿ ಪ್ರಶ್ನೆ.

ಇಂಟರ್‌ವ್ಯೂಗೆ ಕರೆದ ಮೇಲ್ ಇದೆಯಲ್ಲ, ಅದಕ್ಕೇ ರಿಪ್ಲೈ ಮಾಡಿ. ಹೊಸ ಮೇಲ್ ಬೇಡ. ನೀವು ಯಾವ ಹುದ್ದೆಗೆ ಬಂದಿದ್ದಿರಿ ಅನ್ನುವುದು ಕೆಳಗೇ ಕಾಣುತ್ತದೆ, ಎಚ್‌ಆರ್ ಹುಡುಕಬೇಕಾಗಿಲ್ಲ. ಮೇಡಂ ವಿಳಾಸ ಆ ಮೇಲ್‌ನಲ್ಲಿ ಇದ್ದರೆ ಅವರಿಗೆ ಬರೆದು ಎಚ್‌ಆರ್‌ಗೆ ಸಿಸಿ ಹಾಕಿ. ಇಲ್ಲದಿದ್ದರೆ ಎಚ್‌ಆರ್‌ಗೇ ಬರೆದು "ಮೇಡಂಗೂ ನನ್ನ ಧನ್ಯವಾದ ತಿಳಿಸಿ" ಅನ್ನಿ. ಎಲ್ಲಿಂದಲೋ ಮೇಡಂ ನಂಬರ್ ಹುಡುಕಿ ವಾಟ್ಸಾಪ್ ಮಾಡುವುದು ಮಾತ್ರ ಬೇಡ.

ನಾನಾದರೆ ಹೀಗೆ ಬರೆಯುತ್ತೇನೆ. ಅವರ ಮೇಲ್ ಇಂಗ್ಲಿಷಿನಲ್ಲಿ ಬಂದಿದ್ದರೆ ನೀವೂ ಇಂಗ್ಲಿಷಿನಲ್ಲೇ ಬರೆಯಿರಿ, ವಿಷಯ ಇಷ್ಟೇ ಇರಲಿ.

> ನಮಸ್ಕಾರ ಮೇಡಂ,
>
> ನಿನ್ನೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಯ ಬಗ್ಗೆ ಸಮಯ ಕೊಟ್ಟು ಮಾತನಾಡಿದ್ದಕ್ಕೆ ಧನ್ಯವಾದಗಳು.
>
> ಸಪ್ಲೈಯರ್ ಬಿಲ್ 2ಬಿಯಲ್ಲಿ ಕಾಣದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಿರಿ. ಈಗಿನ ಕೆಲಸದಲ್ಲಿ ಪ್ರತಿ ತಿಂಗಳು 2ಬಿ ಬಂದ ಕೂಡಲೇ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್‌ಗಳ ಪಟ್ಟಿಯನ್ನು ಆಯಾ ಸಪ್ಲೈಯರ್‌ಗೆ ಕಳಿಸುತ್ತೇನೆ. ಬಿಲ್ 2ಬಿಯಲ್ಲಿ ಬರುವವರೆಗೆ ಅದರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವುದಿಲ್ಲ. ಇದೇ ಕೆಲಸ ನಿಮ್ಮಲ್ಲೂ ಮುಖ್ಯ ಎಂದು ತಿಳಿದು ಆಸಕ್ತಿ ಹೆಚ್ಚಿದೆ.
>
> ಮುಂದಿನ ಸುತ್ತು ಇದೆಯೇ, ಸುಮಾರು ಯಾವಾಗ ತಿಳಿಯಬಹುದು ಎಂದು ಅನುಕೂಲವಾದಾಗ ತಿಳಿಸಿದರೆ ಸಹಾಯವಾಗುತ್ತದೆ.
>
> ವಂದನೆಗಳೊಂದಿಗೆ,

ಕೆಳಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ ಸಾಕು. 2ಬಿ ಬಗ್ಗೆ ಬರೆದದ್ದು ನೀವು ನಿಜವಾಗಿ ಮಾಡುವ ಕೆಲಸ ಆಗಿರಲಿ, ಯಾಕಂದರೆ ಮುಂದಿನ ಸುತ್ತಿನಲ್ಲಿ ಅದನ್ನೇ ಹಿಡಿದು ಕೇಳುತ್ತಾರೆ. ಸಂಬಳ, ರಜೆ, ಬಸ್ ಸೌಕರ್ಯ ಇವನ್ನು ಇಲ್ಲಿ ಎತ್ತಬೇಡಿ. ಕೇಳದೆ ಸರ್ಟಿಫಿಕೇಟ್ ಅಟ್ಯಾಚ್ ಮಾಡುವುದೂ ಬೇಡ.

ಇನ್ನೊಂದು ವಿಷಯ, ನಿಮ್ಮ ಮಟ್ಟಿಗೆ ಇದೇ ಮುಖ್ಯ. ನೀವು ಹೋಗಿದ್ದು 8ಕ್ಕೆ. ತಿಂಗಳು ತಿಂಗಳು ರಿಟರ್ನ್ ಹಾಕುವ ಕಂಪನಿಗೆ 11ರೊಳಗೆ ಜಿಎಸ್‌ಟಿಆರ್ 1 ಹೋಗಬೇಕು, 14ಕ್ಕೆ 2ಬಿ ಬರುತ್ತದೆ, 20ರೊಳಗೆ 3ಬಿ ಮುಗಿಸಬೇಕು. ಆ ಹತ್ತು ಹನ್ನೆರಡು ದಿನ ಫೈನಾನ್ಸ್‌ನವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ನಾವೂ ಆ ದಿನಗಳಲ್ಲಿ ಇಂಟರ್‌ವ್ಯೂ ಕಾಗದಗಳನ್ನು ಪಕ್ಕಕ್ಕೆ ಇಟ್ಟುಬಿಡುತ್ತೇವೆ. ಹಾಗಾಗಿ ವಾರ ಕಳೆದರೂ ಉತ್ತರ ಬರಲಿಲ್ಲ ಅಂದರೆ ನಿಮ್ಮನ್ನು ಬೇಡ ಅಂದರು ಅಂತ ತಿಳಿಯಬೇಡಿ. ಬೇರೆ ಹುದ್ದೆ ಆಗಿದ್ದರೆ ಒಂದು ವಾರ ಕಾದು ಮತ್ತೆ ಕೇಳಿ ಅನ್ನುತ್ತಿದ್ದೆ. ನೀವು 20 ದಾಟಲಿ, 22ರ ಹೊತ್ತಿಗೆ ಅದೇ ಮೇಲ್‌ನ ಕೆಳಗೆ ಎಚ್‌ಆರ್‌ಗೆ ಎರಡು ಸಾಲು ಬರೆಯಿರಿ: "8ನೇ ತಾರೀಖಿನ ಇಂಟರ್‌ವ್ಯೂ ಬಗ್ಗೆ ನಿರ್ಧಾರ ಆಗಿದೆಯೇ? ಈಗಿನ ಕಂಪನಿಯಲ್ಲಿ ನನಗೆ 30 ದಿನದ ನೋಟಿಸ್ ಇದೆ, ಅದಕ್ಕೆ ಕೇಳುತ್ತಿದ್ದೇನೆ." ನಿಮ್ಮ ನೋಟಿಸ್ ಎಷ್ಟಿದೆಯೋ ಅಷ್ಟೇ ಹಾಕಿ. ಸುಮ್ನೆ "ಎನಿ ಅಪ್‌ಡೇಟ್?" ಅನ್ನುವುದಕ್ಕಿಂತ ಇದಕ್ಕೆ ಉತ್ತರ ಕೊಡುವುದು ಅವರಿಗೂ ಸುಲಭ.

ಬಂದ ಉತ್ತರವನ್ನೂ ಸರಿಯಾಗಿ ಓದಿ. "ಪ್ರೊಸೆಸ್‌ನಲ್ಲಿದೆ" ಅಂದರೆ ಸಾಮಾನ್ಯವಾಗಿ ಇನ್ನೂ ಬೇರೆಯವರನ್ನು ನೋಡುತ್ತಿದ್ದಾರೆ ಅಂತ. ಪೇಸ್ಲಿಪ್ ಕೇಳಿದರೆ, ಯಾವತ್ತು ಸೇರಬಹುದು ಅಂತ ಕೇಳಿದರೆ, ವಿಷಯ ಮುಂದೆ ಹೋಗುತ್ತಿದೆ. ಆದರೆ ಆಫರ್ ಲೆಟರ್ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಎರಡನೇ ಮೇಲ್‌ಗೂ ಉತ್ತರ ಬರದಿದ್ದರೆ ಮೂರನೆಯದು ಬೇಡ, ಬೇರೆ ಇಂಟರ್‌ವ್ಯೂಗಳಿಗೆ ಹೋಗುತ್ತಿರಿ.