ಊರಿನ ಇತಿಹಾಸಕ್ಕೆ ಒಂದು ಶಾಸನ ಸಾಕು

ಪ್ರಶ್ನೆ: ಬಿ.ಎ. ಹಿಸ್ಟರಿ ಓದ್ತಿದ್ದೇನೆ. ಹಳೆ ನಾಣ್ಯ, ಅಂಚೆಚೀಟಿ, ದೇವಸ್ಥಾನದ ಶಾಸನ ಮೂರನ್ನೂ ಸೇರಿಸಿ ನಮ್ಮೂರಿನ ಇತಿಹಾಸದ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಮೂರನ್ನೂ ಕಟ್ಟಿಕೊಳ್ಳಬೇಡಿ. ಡಿಗ್ರಿಯಲ್ಲಿ ನಾನೂ ಹೀಗೇ ಹೊರಟಿದ್ದೆ. ನಾಣ್ಯ ಊರೂರು ಸುತ್ತುತ್ತದೆ. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದಿದ್ದರೆ ಅದರಿಂದ ನಿಮ್ಮೂರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಅಂಚೆಚೀಟಿಯಲ್ಲೂ ಊರಿನ ಸುಳಿವು ಇರುವುದು ಮೇಲೆ ಒತ್ತಿದ ಮುದ್ರೆಯಲ್ಲಿ ಮಾತ್ರ. ಶಾಸನ ಹಾಗಲ್ಲ. ಯಾವ ಕೆರೆಯ ಕೆಳಗಿನ ಗದ್ದೆ, ಯಾರು ಬಿಟ್ಟರು, ಯಾವ ದೇವರ ದೀಪಕ್ಕೆ ಅಂತ ಅದೇ ಹೇಳುತ್ತದೆ. ಒಂದೇ ಕಲ್ಲು ಹಿಡಿಯಿರಿ.

ನಾನು ಎಡವಿದ್ದು ಕಾಲದ ಲೆಕ್ಕದಲ್ಲಿ. ನಾನು ಹಿಡಿದದ್ದು ಹೊಯ್ಸಳರ ಕಾಲದ ಕಲ್ಲು. ರಾಜನ ಹೆಸರಿರುವ ಜಾಗ ಚಕ್ಕೆ ಎದ್ದಿತ್ತು. ಶಕವರ್ಷ 1166 ಅಂತ ಓದಿದೆ, ಇಸವಿ ತಿಳಿಯಲು 78 ಕೂಡಿಸಿದೆ, 1244 ಬಂತು. ಹಾಗಾದರೆ ಸೋಮೇಶ್ವರನ ಕಾಲ ಅಂತ ಇಡೀ ಅಧ್ಯಾಯ ಬರೆದೆ. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ: "ಸಂವತ್ಸರ ಯಾವುದಮ್ಮಾ?" ಕಲ್ಲು ನೋಡಿ ನಾನು ಬರೆದುಕೊಂಡ ಪಾಠದಲ್ಲೇ ಇತ್ತು, ಭಾವ ಸಂವತ್ಸರ. ಅದನ್ನು ಬರೀ ಅಲಂಕಾರ ಅಂದುಕೊಂಡು ಬಿಟ್ಟಿದ್ದೆ.

ಲೆಕ್ಕ ಸುಲಭ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. 1166ಕ್ಕೆ ಶೇಷ 38, ಅಂದರೆ ಕ್ರೋಧಿ. ಭಾವ ಎಂಟನೆಯದು. 1196 ಅಂತ ಓದಿದರೆ ಶೇಷ ಸರಿಯಾಗಿ 8. ಸವೆದ ಕಲ್ಲಿನಲ್ಲಿ ೯ ನನಗೆ ೬ರಂತೆ ಕಂಡಿತ್ತು. ನಿಜವಾದ ಕಾಲ 1274, ಮೂರನೇ ನರಸಿಂಹನದು. ಒಂದು ಅಂಕಿ ತಪ್ಪಿ ಮೂವತ್ತು ವರ್ಷ ಜಾರಿತು, ರಾಜನೇ ಬದಲಾದ. ಆ ಅಧ್ಯಾಯ ಪೂರ್ತಿ ಕೈಬಿಡಬೇಕಾಯಿತು.

ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯ ಶಕ 1039, ಹೇವಿಳಂಬಿ ಸಂವತ್ಸರ ಇಟ್ಟುಕೊಂಡು ಒಮ್ಮೆ ಅಭ್ಯಾಸ ಮಾಡಿ. ಶೇಷ 31 ಬರಬೇಕು, ಇಸವಿ 1117. ಒಂದು ವರ್ಷ ಆಚೀಚೆ ಬಂದರೆ ಗಾಬರಿ ಬೇಡ. ಕೆಲವು ಶಾಸನಗಳು ಮುಗಿದ ವರ್ಷ ಹೇಳುತ್ತವೆ, ಕೆಲವು ನಡೆಯುತ್ತಿರುವ ವರ್ಷ. ಅಂಥ ಕಡೆ ಸಂವತ್ಸರವನ್ನೇ ನಂಬಿ. ಶಕವರ್ಷ ಶುರುವಾಗುವುದು ಯುಗಾದಿಗೆ, ಇಸವಿ ಜನವರಿಗೆ, ಆದ್ದರಿಂದ ಮಾಘ, ಫಾಲ್ಗುಣದ ಶಾಸನಕ್ಕೆ 79 ಕೂಡಿಸಬೇಕು. ಪುಷ್ಯವಾದರೆ ತಿಥಿ ನೋಡಿ ನಿರ್ಧರಿಸಿ.

ಓದುವಾಗ ಅಕ್ಷರಕ್ಕೆ ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಸುಣ್ಣ ತುಂಬಿದರೆ ನೀವು ಊಹಿಸಿದ ಗೆರೆಯೇ ಫೋಟೋದಲ್ಲಿ ಅಕ್ಷರವಾಗಿ ಬರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೆತ್ತಿದ ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ.

ಆಮೇಲೆ ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ ನೋಡಿ. ಅವನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಕಾಲದಲ್ಲಿ ಕಾಣುತ್ತಿದ್ದು ಈಗ ಉದುರಿಹೋದ ಅಕ್ಷರಗಳು ಅಲ್ಲಿ ಸಿಗಬಹುದು. ಆದರೆ ನಿಮ್ಮ ಓದು ಮುಗಿಯುವವರೆಗೆ ಆ ಪುಟ ತೆರೆಯಬೇಡಿ. ಮೊದಲೇ ನೋಡಿದರೆ ಕಲ್ಲಿನಲ್ಲೂ ಅದೇ ಕಾಣುತ್ತದೆ. ಎರಡು ಓದು ಎಲ್ಲಿ ಬೇರೆಯಾಗುತ್ತವೋ ಆ ಸಾಲಿಗೆ ವಾಪಸ್ ಹೋಗಿ ಟಾರ್ಚ್ ಹಿಡಿಯಿರಿ.