ಅಕ್ಕಿ ಡಬ್ಬಿಯಲ್ಲಿ ಫೋನು

"ಸಂಪಾದಕರೇ, ಹೋದ ಸಂಚಿಕೆಯ ಕಥೆ ಓದಿ ಸಿಟ್ಟು ಬಂತು. ಪರೀಕ್ಷೆಯ ಹಿಂದಿನ ರಾತ್ರಿ ಹುಡುಗನ ಫೋನಿಗೆ ಕೆಮಿಸ್ಟ್ರಿಯ ಅಷ್ಟೂ ಉತ್ತರ ಬರುತ್ತದೆ. ಅವನು ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತು ಪುಸ್ತಕ ತೆಗೆಯುತ್ತಾನೆ. ಸರಿ. ಆಮೇಲೆ ನೋಡಿದರೆ ಪರೀಕ್ಷೆಯೇ ರದ್ದು! ಹಾಗಾದರೆ ಬೇಡ ಅಂದಿದ್ದಕ್ಕೆ ಅವನಿಗೆ ಸಿಕ್ಕಿದ್ದೇನು? ಬಂದ ಉತ್ತರವೆಲ್ಲ ನಕಲಿ, ನಂಬಿದ ಗೆಳೆಯ ಫೇಲು ಅಂತ ಮುಗಿಸಿದ್ದರೆ ಮಕ್ಕಳಿಗೆ ಬುದ್ಧಿಯಾದರೂ ಬರುತ್ತಿತ್ತು. ನಾನು ಇಪ್ಪತ್ತೆಂಟು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು."
– ನಿವೃತ್ತ ಉಪನ್ಯಾಸಕಿ, ರಾಜಾಜಿನಗರ, ಬೆಂಗಳೂರು

ಮೇಡಂ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮಕ್ಕಳು ಓದುವ ಕಥೆ, ಸ್ವಲ್ಪ ನ್ಯಾಯ ಕಾಣಿಸಲಿ ಅನ್ನುವುದು ತಪ್ಪಲ್ಲ. ಆದರೆ ನೀವು ಕೇಳುವ ಆ ನಕಲಿ ಉತ್ತರದ ಕಥೆ ಇದೆಯಲ್ಲ, ಅದು ನನ್ನ ಮೇಜಿಗೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಕಟ್ಟುಕಟ್ಟಾಗಿ ಬರುತ್ತದೆ. ಹುಡುಗ ಕಾಗದ ಹರಿದು ಹಾಕುತ್ತಾನೆ, ಬೆಳಿಗ್ಗೆ ನೋಡಿದರೆ ಪ್ರಶ್ನೆಗಳೇ ಬೇರೆ, ಪ್ರಿನ್ಸಿಪಾಲರು ಬೆನ್ನು ತಟ್ಟುತ್ತಾರೆ. ನಾನು ಅವನ್ನೆಲ್ಲ ವಾಪಸ್ ಕಳಿಸುತ್ತೇನೆ. ಯಾಕೆ ಅಂದರೆ ಉತ್ತರ ನಕಲಿ ಅಂತ ಆದ ತಕ್ಷಣ ಹುಡುಗನ ತೀರ್ಮಾನಕ್ಕೆ ಬೆಲೆಯೇ ಇಲ್ಲ. ಅವನು ಬಿಟ್ಟಿದ್ದು ಏನನ್ನು? ಕೆಲಸಕ್ಕೆ ಬಾರದ ಒಂದು ಚೀಟಿಯನ್ನು. ಅಂಥದ್ದನ್ನು ಯಾರು ಬೇಕಾದರೂ ಬಿಡಬಹುದು.

ಈ ಕಥೆಗಾರರು ಹಾಗೆ ಮಾಡಲಿಲ್ಲ. ಕಥೆಯನ್ನು 2016ರ ಮಾರ್ಚ್ 20ರ ರಾತ್ರಿಗೆ ಇಟ್ಟರು. ಆ ವರ್ಷ ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಮಾರ್ಚ್ 21ಕ್ಕೆ ದ್ವಿತೀಯ ಪಿಯು ಕೆಮಿಸ್ಟ್ರಿ ಪರೀಕ್ಷೆ ನಡೆಯಿತು, ಪ್ರಶ್ನೆಪತ್ರಿಕೆ ಬಯಲಾಗಿತ್ತು ಅಂತ ರದ್ದಾಯಿತು. 31ಕ್ಕೆ ಮರುಪರೀಕ್ಷೆ ಅಂದರು, ಅದೂ ಬಯಲಾಯಿತು, ಅವತ್ತು ಪರೀಕ್ಷೆ ನಡೆಯಲೇ ಇಲ್ಲ. ಕೊನೆಗೆ ಏಪ್ರಿಲ್ 12ಕ್ಕೆ ಮುಗಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೇ ಪುಸ್ತಕವನ್ನು ಮೂರು ಸಲ ಮೊದಲಿನಿಂದ ಓದಿದರು. ಕದ್ದವರೂ ಓದಿದರು, ಕದಿಯದವರೂ ಓದಿದರು. ನಮ್ಮ ಪಕ್ಕದ ಮನೆ ಹುಡುಗಿ 31ರ ಬೆಳಿಗ್ಗೆ ಸೆಂಟರಿನಿಂದ ವಾಪಸ್ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು, ಮಧ್ಯಾಹ್ನಕ್ಕೆ ಅಂತ ಕಟ್ಟಿಕೊಂಡು ಹೋಗಿದ್ದ ಮೊಸರನ್ನ ತಿಂದಳು. "ಅಂಕಲ್, ಇನ್ನು ಆ ಪುಸ್ತಕ ಮುಟ್ಟಿದ್ರೆ ವಾಂತಿ ಬರುತ್ತೆ" ಅಂದಳು. ಕಥೆಗಾರರು ಇಲ್ಲಿ ಏನನ್ನೂ ಕಟ್ಟಿಲ್ಲ. ಬೇಡ ಅಂದವರಿಗೆ ಆ ವರ್ಷ ಸಿಕ್ಕಿದ್ದೇ ಅದು.

ಇನ್ನೊಂದು ವಿಷಯ. ಆ ಕಾಲಕ್ಕೆ ಇಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯು ಅಂಕ ಅರ್ಧ ಲೆಕ್ಕ. ಥಿಯರಿಯ 70 ಅಂಕದಲ್ಲಿ ಹತ್ತು ಅಂಕ ಹೆಚ್ಚು ಬಂದರೆ ಅದು ಅವನ ಮಾರ್ಕ್ಸ್ ಕಾರ್ಡಿನಲ್ಲಿ ಸುಮ್ಮನೆ ಕೂರುವುದಿಲ್ಲ, ಇನ್ಯಾರನ್ನೋ ಹಿಂದಕ್ಕೆ ತಳ್ಳುತ್ತದೆ. ಕಥೆಯಲ್ಲಿ ಹುಡುಗ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎದುರು ಮನೆಯ ಮಹಡಿಯಲ್ಲಿ ಇನ್ನೂ ಉರಿಯುತ್ತಿರುವ ದೀಪ ನೋಡುತ್ತಾನೆ, ಅಷ್ಟೇ. ಆ ದೀಪದ ಕೆಳಗೆ ಕೂತವಳೂ ಪಿಸಿಎಂಬಿಯೇ ಅಂತ ಎರಡು ಪುಟ ಹಿಂದೆ ಬಂದಿದೆ.

ಈಗ ಸ್ವಲ್ಪ ನಿಮ್ಮ ಮೇಲೇ ದೂರು. ಕೆಮಿಸ್ಟ್ರಿ ಮೇಡಂ ಆಗಿ ನೀವು ಒಂದು ಸಾಲನ್ನು ಹಾರಿಸಿಬಿಟ್ಟಿರಿ. ಫೋನಿಗೆ ಬಂದ ಏಳು ಫೋಟೋಗಳಲ್ಲಿ ಮೂರನೆಯದನ್ನು ಹುಡುಗ ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಾನಲ್ಲ? ಫಸ್ಟ್ ಆರ್ಡರ್ ಕ್ರಿಯೆಯ ಹಾಫ್ ಲೈಫ್. ಬರೆದವರು 0.963/k ಅಂತ ಬರೆದಿದ್ದಾರೆ. ಆಗಬೇಕಿದ್ದದ್ದು t½ = 0.693/k. ಯಾರೋ ಅವಸರದಲ್ಲಿ ಅಂಕಿ ತಿರುವಿ ಹಾಕಿದ್ದಾರೆ. ಹುಡುಗ ಅದನ್ನು ಹಿಡಿಯುತ್ತಾನೆ, ಒಂದು ಕ್ಷಣ ನಗುತ್ತಾನೆ. ಇಡೀ ಕಥೆ ನಿಂತಿರುವುದು ಆ ನಗುವಿನ ಮೇಲೆ. ಉತ್ತರ ಅವನಿಗೆ ಗೊತ್ತು. ಕಳಿಸಿದವನಿಗಿಂತ ಚೆನ್ನಾಗಿ ಗೊತ್ತು. ಹಾಗಾದರೆ ಅವತ್ತು ರಾತ್ರಿ ಅವನಿಗೆ ಬಂದದ್ದು ಏನು? ಉತ್ತರ ಅಲ್ಲ ಮೇಡಂ, ಆಯ್ಕೆ. ಹದಿನಾರು ಪಾಠಗಳಲ್ಲಿ ನಾಳೆ ಯಾವುದನ್ನು ಕೇಳುತ್ತಾರೆ, ಯಾವುದನ್ನು ಬಿಡುತ್ತಾರೆ ಅನ್ನುವುದು. ಉತ್ತರ ಸರಿಯೋ ತಪ್ಪೋ ಓದಿದವನಿಗೆ ತಿಳಿಯುತ್ತದೆ. ಪ್ರಶ್ನೆ ನಿಜವೋ ಅಲ್ಲವೋ ಅನ್ನುವುದು ಬೆಳಿಗ್ಗೆ ಪತ್ರಿಕೆ ಕೈಗೆ ಬರುವವರೆಗೂ ಯಾರಿಗೂ ತಿಳಿಯುವುದಿಲ್ಲ. ಆ ಕತ್ತಲಲ್ಲೇ ಅವನು ತೀರ್ಮಾನ ಮಾಡಬೇಕು. ನಕಲಿ ಅಂತ ಹೇಳಿ ಅವನನ್ನು ಪಾರು ಮಾಡುವ ಕಥೆಗಾರ ಆ ಕತ್ತಲನ್ನೇ ಕಿತ್ತುಕೊಳ್ಳುತ್ತಾನೆ.

ಇದು ನನಗೆ ಯಾಕೆ ಇಷ್ಟು ನಾಟುತ್ತದೆ ಅಂದರೆ, ನನಗೂ ಒಮ್ಮೆ ಬಂದಿತ್ತು. ಆಗ ಫೋನಿಲ್ಲ, ಕಾರ್ಬನ್ ಹಾಕಿ ಬರೆದ ಎರಡು ಹಾಳೆ. ಹಾಸ್ಟೆಲಿನ ನೀರಿನ ಟ್ಯಾಂಕಿನ ಹಿಂದೆ ನಿಂತು ಮೂರು ಪ್ರಶ್ನೆ ಓದಿದೆ, ಹೆದರಿ ವಾಪಸ್ ಕೊಟ್ಟೆ. ಮಾರನೇ ದಿನ ಮೂರರಲ್ಲಿ ಒಂದು ಬಂತು. ಚೆನ್ನಾಗಿ ಬರೆದೆ. ಅದು ನನಗೆ ಮೊದಲೇ ಗೊತ್ತಿತ್ತಾ? ಇವತ್ತಿಗೂ ಹೇಳಲಾರೆ. ಅದಕ್ಕೇ, ಹುಡುಗ ಫೋಟೋ ತೆರೆದು ನೋಡಿಬಿಟ್ಟ, ಆಮೇಲೆ ಡಬ್ಬಿಗೆ ಹಾಕಿದರೇನು ಬಂತು ಅಂತ ಇನ್ನೊಬ್ಬ ಓದುಗರು ಬರೆದಿದ್ದಾರೆ ನೋಡಿ, ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

"ಒಳ್ಳೆ ಹುಡುಗ ಆಗಿದ್ದರೆ ತೆರೆಯುತ್ತಲೇ ಇರಲಿಲ್ಲ" ಅನ್ನುವವರೂ ಇದ್ದಾರೆ. ಅವರಿಗೆ ಒಂದು ಹಳೆಯ ಸಂಗತಿ. 1928ರಲ್ಲಿ ಅಮೆರಿಕದ ಹಾರ್ಟ್‌ಶಾರ್ನ್ ಮತ್ತು ಮೇ ಅನ್ನುವ ಇಬ್ಬರು, ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಬರೆದಿಟ್ಟರು. ಅವರ ಒಂದು ಉಪಾಯ ಹೀಗಿತ್ತು: ಮಕ್ಕಳು ಬರೆದ ಉತ್ತರ ತೆಗೆದುಕೊಂಡು ಗುಟ್ಟಾಗಿ ಒಂದು ನಕಲು ಇಟ್ಟುಕೊಳ್ಳುವುದು, ಆಮೇಲೆ ಅದೇ ಹಾಳೆಯನ್ನೂ ಸರಿಯುತ್ತರದ ಪಟ್ಟಿಯನ್ನೂ ಮಕ್ಕಳ ಕೈಗೇ ಕೊಟ್ಟು "ನೀವೇ ತಿದ್ದಿಕೊಳ್ಳಿ" ಅನ್ನುವುದು. ಯಾರು ಯಾವ ಉತ್ತರ ಬದಲಾಯಿಸಿದರು ಅನ್ನುವುದು ನಕಲಿನ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಕಂಡದ್ದೇನು ಅಂದರೆ, ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡುತ್ತದೆ ಅಂತ ಹೇಳುವಂತಿಲ್ಲ. ಸಂದರ್ಭ ಬದಲಾದರೆ ಅದೇ ಮಗು ಬೇರೆ ಥರ. ಕಥೆಗಾರರಿಗೆ ನಾನು ಹೇಳುವುದೂ ಇದೇ: ಹುಡುಗ ಒಳ್ಳೆಯವನು ಅಂತ ಬರೆದು ಪುಟ ತುಂಬಿಸಬೇಡಿ, ರೂಮಿನಲ್ಲಿ ಯಾರಿದ್ದರು, ಗಂಟೆ ಎಷ್ಟಾಗಿತ್ತು, ಅಪ್ಪ ಮಲಗಿದ್ದರಾ ಅಂತ ಹೇಳಿ. ಇಲ್ಲಿ ಅಪ್ಪ ಮಲಗಿಲ್ಲ. ಗೋಡೆಯ ಆಚೆ ಕೆಮ್ಮುತ್ತಿದ್ದಾರೆ.

ಆದರೆ ಹೀಗೆ ಬರೆಯುವವರು ಕಡಿಮೆ, ಯಾಕೆ ಅಂತಲೂ ಗೊತ್ತು. ಫಲಿತಾಂಶ ಬಂದ ದಿನ ಬಡಾವಣೆಯ ಪ್ರತಿ ಕಂಬಕ್ಕೂ ಟಾಪರ್ ಮಕ್ಕಳ ಫ್ಲೆಕ್ಸ್ ಕಟ್ಟುವ ಊರಿದು. ಕೋಚಿಂಗಿನವರು ಒಂದೇ ಮಗುವಿನ ಫೋಟೋವನ್ನು ನಾಲ್ಕು ಜಾಗದಲ್ಲಿ ತಮ್ಮದು ಅಂತ ಹಾಕಿಕೊಳ್ಳುತ್ತಾರೆ. ಅದನ್ನು ನೋಡುತ್ತಾ ಬೆಳೆದವರು ಕಥೆಯ ಕೊನೆಯಲ್ಲೂ ಒಂದು ಫ್ಲೆಕ್ಸ್ ಕೇಳುತ್ತಾರೆ. ನೀವೂ ಕೇಳಿದಿರಿ, ಅಲ್ವಾ?

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಿಂದ ನನಗೆ ಒಂದು ಕೆಲಸ ಆಗಬೇಕು. ನೀವು ಮೌಲ್ಯಮಾಪನಕ್ಕೂ ಹೋಗಿರುತ್ತೀರಿ. ಸರಿಯುತ್ತರಗಳು ಎಲ್ಲರದ್ದೂ ಒಂದೇ ಥರ ಇರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ಒಂದು ಬಂಡಲಿನಲ್ಲಿ ಹತ್ತು ಜನ ಸಾಲಾಗಿ 0.963 ಅಂತ ಬರೆದಿದ್ದರೆ? ನಾಲ್ಕನೆಯ ಹಾಳೆಗೆ ಬಂದಾಗ ನಿಮ್ಮ ಕೆಂಪು ಪೆನ್ನು ಏನು ಮಾಡುತ್ತಿತ್ತು, ಪಕ್ಕದ ಮೇಜಿನವರಿಗೆ ಹೇಳುತ್ತಿದ್ದಿರಾ, ಸುಮ್ಮನೆ ತಪ್ಪು ಹಾಕಿ ಮುಂದೆ ಹೋಗುತ್ತಿದ್ದಿರಾ? ಎರಡು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.