ಕ್ಲೈಂಟ್ ಆಫೀಸಿನಲ್ಲಿ ವೆಂಡರ್ ನೌಕರರು ಯಾಕೆ ಹೊರಗಿನವರು?

ಪ್ರಶ್ನೆ: ಸಂಬಳ ಕೊಡೋದು ವೆಂಡರ್ ಕಂಪನಿ, ಎರಡು ವರ್ಷದಿಂದ ಕೆಲಸ ಮಾತ್ರ ಕ್ಲೈಂಟ್ ಆಫೀಸಿನಲ್ಲೇ. ಆದರೂ ಬ್ಯಾಡ್ಜ್ ಬಣ್ಣ ಬೇರೆ, ಟೀಮ್ ಔಟಿಂಗ್‌ಗೆ ಕರೆಯಲ್ಲ. ಯಾಕೆ ಹೀಗೆ?

ಮುಖ್ಯ ಕಾರಣ ಕಾನೂನಿನ ಭಯ. ಕ್ಲೈಂಟ್ ಕಂಪನಿಯವರು ನಿಮ್ಮನ್ನು ತಮ್ಮ ನೌಕರರಂತೆಯೇ ನಡೆಸಿಕೊಂಡರೆ, ನಾಳೆ ಕೋರ್ಟು ‘ಇವರೂ ನಿಮ್ಮವರೇ, ನಿಮ್ಮ ನೌಕರರ ಸವಲತ್ತು ಇವರಿಗೂ ಕೊಡಿ’ ಎನ್ನಬಹುದು.

ಅಮೆರಿಕದಲ್ಲಿ ಹಾಗೇ ಆಯಿತು. ಮೈಕ್ರೋಸಾಫ್ಟ್‌ನಲ್ಲಿ ಕಾಯಂ ನೌಕರರ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದ ತಾತ್ಕಾಲಿಕ ಕೆಲಸಗಾರರು ಕೇಸು ಹಾಕಿದರು. 2000ರಲ್ಲಿ ಕಂಪನಿ 9.7 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅಲ್ಲಿಂದ ಕಂಪನಿಗಳು ಈ ಗೆರೆಯನ್ನು ಇನ್ನೂ ದಪ್ಪ ಎಳೆದವು.

ನಮ್ಮ ಕೋರ್ಟುಗಳೂ ಸಂಬಳ ಯಾರದು ಅನ್ನೋದರ ಜೊತೆಗೆ, ಕೆಲಸದ ಹಿಡಿತ ಯಾರ ಕೈಲಿದೆ ಅಂತ ನೋಡುತ್ತವೆ. ಅದಕ್ಕೇ ನಿಮ್ಮ ರಜೆ ಅರ್ಜಿ ಪಕ್ಕದಲ್ಲೇ ಕೂತ ಕ್ಲೈಂಟ್ ಮ್ಯಾನೇಜರ್‌ಗೆ ಹೋಗಲ್ಲ. ನೀವು ಮುಖವನ್ನೇ ನೋಡಿರದ ವೆಂಡರ್ ಮ್ಯಾನೇಜರ್‌ಗೆ ಹೋಗುತ್ತೆ, ಅಲ್ವಾ?

ಆದರೆ ಎಲ್ಲವನ್ನೂ ಕಾನೂನಿನ ಮೇಲೆ ಹಾಕಲಾಗದು. ನಾನು ಮೂರು ವರ್ಷ ಹೀಗೆ ಕೆಲಸ ಮಾಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದರೆ ಮೊದಲ ಫೋನು ನನಗೆ. ಮಾರನೇ ದಿನ ಮೀಟಿಂಗ್‌ನಲ್ಲಿ ನನಗೆ ಹೆಸರೇ ಇರಲಿಲ್ಲ, ‘ವೆಂಡರ್ ಕಡೆಯವರು’ ಅಷ್ಟೇ. ಹಾಗೆ ಕರೆಯಿರಿ ಅಂತ ಯಾವ ಕಾನೂನೂ ಹೇಳಿಲ್ಲ.